ಚದುರಿದ ಬಡ್ತಿ ಪತ್ರಗಳಿಂದ ವೇತನದ ಇತಿಹಾಸ ಕಟ್ಟುವುದು ಹೇಗೆ?

ನಿವೃತ್ತಿಗೆ ವರ್ಷವಿರುವಾಗ, ಮುಂಬಡ್ತಿಯ ವೇತನ ನಿಗದಿ ತಕರಾರಿಗೆ ಸಿಕ್ಕಾಗ, ಇಲ್ಲವೇ ಕಚೇರಿಗೆ ಲೆಕ್ಕಪರಿಶೋಧಕರು ಬಂದಾಗ ರಾಜ್ಯ ಸರ್ಕಾರಿ ನೌಕರರು ಕೇಳುವ ಪ್ರಶ್ನೆ ಒಂದೇ: “ಸೇರಿದ ದಿನದಿಂದ ಇಂದಿನವರೆಗೆ ನನ್ನ ಮೂಲ ವೇತನ ಯಾವಾಗ ಎಷ್ಟಿತ್ತು? ಪತ್ರಗಳೆಲ್ಲ ಕಡತದಲ್ಲಿವೆ, ಆದರೆ ಒಂದಕ್ಕೊಂದು ಹೊಂದುತ್ತಿಲ್ಲ.” ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಈ ಕೆಲಸವನ್ನು ಬಹಳ ವರ್ಷ ಮಾಡಿದವನಾಗಿ ಹೇಳುತ್ತೇನೆ, ಹೊಂದದಿರುವುದಕ್ಕೆ ಕಾರಣಗಳು ಹೆಚ್ಚಿಲ್ಲ. ಅವು ಯಾವುವೆಂದು ತಿಳಿದರೆ ಎರಡು ಮೂರು ದಿನಗಳಲ್ಲಿ ಪಟ್ಟಿ ಸಿದ್ಧವಾಗುತ್ತದೆ.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳಿ. ವೇತನ ಬಡ್ತಿ ಎಂದರೆ ಅದೇ ಹುದ್ದೆಯಲ್ಲಿ, ಅದೇ ವೇತನ ಶ್ರೇಣಿಯಲ್ಲಿ ವರ್ಷಕ್ಕೊಮ್ಮೆ ಒಂದು ಹಂತ ಮೇಲೇರುವುದು. ಮುಂಬಡ್ತಿ ಎಂದರೆ ಹುದ್ದೆಯೇ ಬದಲಾಗಿ ಮೇಲಿನ ಶ್ರೇಣಿಗೆ ಹೋಗುವುದು. ಎರಡರ ನಡುವೆ ಕಾಲಬದ್ಧ ಮುಂಬಡ್ತಿ ಎಂಬುದೊಂದಿದೆ. ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದವರಿಗೆ ಹುದ್ದೆ ಬದಲಾಗದೆ ಶ್ರೇಣಿ ಮಾತ್ರ ಬದಲಾಗುತ್ತದೆ. ಕಡತದ ಪತ್ರಗಳಲ್ಲಿ ಮೂರಕ್ಕೂ “ಬಡ್ತಿ” ಎಂದೇ ಬರೆದು ಬಿಟ್ಟಿರುವುದುಂಟು. ಹಾಗಾಗಿ ಪತ್ರದ ವಿಷಯ ಸಾಲನ್ನು ನಂಬಬೇಡಿ. ಶ್ರೇಣಿ ಬದಲಾಗಿದೆಯೇ, ಹುದ್ದೆ ಬದಲಾಗಿದೆಯೇ ಎಂಬ ಎರಡನ್ನು ನೋಡಿ ನೀವೇ ನಿರ್ಧರಿಸಿ.

ಏನೇನು ಬೇಕು

ನಿಮ್ಮ ವೈಯಕ್ತಿಕ ಕಡತ, ಸೇವಾ ಪುಸ್ತಕ, ಕೈಗೆ ಸಿಗುವಷ್ಟು ವೇತನ ಚೀಟಿಗಳು, ಪ್ರತಿ ವರ್ಗಾವಣೆಯ ಅಂತಿಮ ವೇತನ ಪ್ರಮಾಣಪತ್ರ ಬೇಕು. ಈ ಕೊನೆಯದನ್ನು ಕಚೇರಿಗಳಲ್ಲಿ ಎಲ್‌ಪಿಸಿ ಎನ್ನುತ್ತಾರೆ. ಹಳೆಯ ಕಚೇರಿ ನಿಮ್ಮನ್ನು ಬಿಡುಗಡೆ ಮಾಡುವಾಗ “ಇವರಿಗೆ ಇಂಥ ದಿನದವರೆಗೆ ಇಷ್ಟು ವೇತನ ಕೊಟ್ಟಿದ್ದೇವೆ” ಎಂದು ಹೊಸ ಕಚೇರಿಗೆ ಬರೆದುಕೊಡುವ ಪತ್ರ ಅದು. ಇವುಗಳ ಜೊತೆಗೆ ನಿಮ್ಮ ಸೇವಾವಧಿಯಲ್ಲಿ ಜಾರಿಯಲ್ಲಿದ್ದ ವೇತನ ಶ್ರೇಣಿಗಳ ಪೂರ್ಣ ಪಾಠವೂ ಬೇಕು. “11600-21000” ಎಂಬ ಎರಡು ತುದಿ ಸಾಲದು, ನಡುವಿನ ಹಂತಗಳೂ ಇರಬೇಕು. ಬಹಳ ಜನ ಇದನ್ನು ಬಿಟ್ಟೇ ಕೆಲಸ ಆರಂಭಿಸಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಾರೆ.

ವಿವರಿಸಲು ಒಂದು ಮಾದರಿ ಪ್ರಕರಣ ತೆಗೆದುಕೊಳ್ಳೋಣ. ಒಬ್ಬ ಮಹಿಳೆ 2014ರ ಜನವರಿ 6ರಂದು ಹರಪನಹಳ್ಳಿಯ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದರು. 2017ರ ಮೇ ತಿಂಗಳಲ್ಲಿ ದಾವಣಗೆರೆಗೆ ವರ್ಗವಾದರು. 2021ರ ಜನವರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ಮುಂಬಡ್ತಿ ಪಡೆದು ಚಿತ್ರದುರ್ಗಕ್ಕೆ ಬಂದರು.

ಹಂತ 1: ಪತ್ರಗಳು ಎಲ್ಲೆಲ್ಲಿವೆ ಎಂದು ಗುರುತಿಸಿ

ಕಡತ ತೆರೆಯುವ ಮೊದಲು ಒಂದು ಹಾಳೆಯಲ್ಲಿ ನೀವು ಕೆಲಸ ಮಾಡಿದ ಕಚೇರಿಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಹಾಜರಾದ ದಿನ ಮತ್ತು ಬಿಡುಗಡೆಯಾದ ದಿನ ಇರಲಿ. ಪತ್ರಗಳು ಸಿಗದಿರುವುದಕ್ಕೆ ಬಹುಪಾಲು ಕಾರಣ ಅವು ಕಳೆದುಹೋಗಿರುವುದಲ್ಲ, ಹಳೆಯ ಕಚೇರಿಯಲ್ಲೇ ಉಳಿದಿರುವುದು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಲ್ಲಿ, ಹರಪನಹಳ್ಳಿ ಬಳ್ಳಾರಿಯಲ್ಲಿದ್ದವು. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಪ್ರಕರಣದ ಮೊದಲ ಮೂರು ವರ್ಷಗಳ ಕಚೇರಿ ಪ್ರತಿಗಳು ಇರುವ ಊರು ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ಹೊಸಪೇಟೆ ಕೇಂದ್ರವಾಗಿರುವ ಜಿಲ್ಲೆಯಲ್ಲಿದೆ. 1997ಕ್ಕೆ ಮೊದಲು ಜಗಳೂರಿನಲ್ಲೋ ಹರಿಹರದಲ್ಲೋ ಸೇರಿದವರ ನೇಮಕಾತಿ ಕಡತ ಚಿತ್ರದುರ್ಗದ ಜಿಲ್ಲಾ ಕಚೇರಿಯ ದಾಖಲೆ ಕೊಠಡಿಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಪತ್ರ ಬರೆಯುವಾಗ “ಆಗಿನ ಇಂಥ ಜಿಲ್ಲೆಯ ಇಂಥ ಕಚೇರಿ” ಎಂದು ಸ್ಪಷ್ಟವಾಗಿ ನಮೂದಿಸಿ. ಇಲ್ಲದಿದ್ದರೆ “ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಹಂತ 2: ಪ್ರತಿ ಪತ್ರದಿಂದ ಐದು ಸಂಗತಿ ಮಾತ್ರ ತೆಗೆಯಿರಿ

ಕಡತವನ್ನು ಮೊದಲ ಪುಟದಿಂದ ಕೊನೆಯವರೆಗೆ ಒಮ್ಮೆ ತಿರುವಿ. ಪತ್ರಗಳನ್ನು ಬಿಚ್ಚಿ ಕಾಲಕ್ರಮದಲ್ಲಿ ಜೋಡಿಸಲು ಹೋಗಬೇಡಿ. ಕಚೇರಿ ಕಡತದ ಪುಟ ಸಂಖ್ಯೆಗಳು ಟಿಪ್ಪಣಿ ಹಾಳೆಗಳಲ್ಲಿ ಉಲ್ಲೇಖವಾಗಿರುತ್ತವೆ. ಅವನ್ನು ಕದಲಿಸಿದರೆ ಕಡತವೇ ಕೆಡುತ್ತದೆ. ಪುಟ ಸಂಖ್ಯೆ ಬರೆದುಕೊಂಡರೆ ಸಾಕು.

ಪ್ರತಿ ಪತ್ರಕ್ಕೆ ಒಂದು ಸಾಲು. ಅದರಲ್ಲಿ ಜಾರಿಗೆ ಬಂದ ದಿನ, ಯಾವ ಮೊತ್ತದಿಂದ ಯಾವ ಮೊತ್ತಕ್ಕೆ, ವೇತನ ಶ್ರೇಣಿ, ಆದೇಶದ ಸಂಖ್ಯೆ ಮತ್ತು ದಿನ, ಕಡತದ ಪುಟ ಇರಲಿ.

ಇಲ್ಲಿ ಎಲ್ಲರೂ ಎಡವುವುದು ದಿನಾಂಕದಲ್ಲಿ. ವೇತನ ಬಡ್ತಿಯ ಅಧಿಕೃತ ಜ್ಞಾಪನದ ತಲೆಯಲ್ಲಿ 14-3-2016 ಎಂದಿರುತ್ತದೆ, ಒಳಗೆ “ದಿನಾಂಕ 1-1-2016ರಿಂದ ಜಾರಿಗೆ ಬರುವಂತೆ” ಎಂದಿರುತ್ತದೆ. ಇತಿಹಾಸಕ್ಕೆ ಬೇಕಾದದ್ದು ಎರಡನೆಯದು. ತಲೆಯ ದಿನಾಂಕದಂತೆ ಜೋಡಿಸಿದರೆ ತಡವಾಗಿ ಹೊರಟ ಪತ್ರ ಮುಂದಿನ ವರ್ಷದ ಪತ್ರದ ನಂತರ ಕುಳಿತು, ವೇತನ ಇಳಿದಂತೆ ಕಾಣುತ್ತದೆ.

ಮುಂಬಡ್ತಿ ಪತ್ರದಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮ ಪ್ರಕರಣದಲ್ಲಿ ಮುಂಬಡ್ತಿ ಆದೇಶ ಹೊರಟಿದ್ದು 30-12-2020ರಂದು. ಅವರು ಚಿತ್ರದುರ್ಗದಲ್ಲಿ ಹಾಜರಾಗಿದ್ದು 18-1-2021ರ ಪೂರ್ವಾಹ್ನ. ಮೇಲಿನ ಹುದ್ದೆಯ ವೇತನ ಆರಂಭವಾಗುವುದು ಆ ಹುದ್ದೆಯ ಪ್ರಭಾರ ವಹಿಸಿಕೊಂಡ ದಿನದಿಂದ. ಆದೇಶದ ದಿನವನ್ನೇ ಬರೆದರೆ, ನಡುವೆ 1-1-2021ರಂದು ಹಳೆಯ ಹುದ್ದೆಯಲ್ಲಿ ಬಂದ ವೇತನ ಬಡ್ತಿ ಇತಿಹಾಸದಿಂದಲೇ ಮಾಯವಾಗುತ್ತದೆ. ಹಾಗಾಗಿ ಮುಂಬಡ್ತಿಗೆ ಒಂದೇ ಪತ್ರ ಸಾಲದು. ಆದೇಶ, ಹಾಜರಾತಿ ವರದಿ, ವೇತನ ನಿಗದಿ ಆದೇಶ ಮೂರನ್ನೂ ಹುಡುಕಿ. ಮುಂಬಡ್ತಿ ಆದೇಶದಲ್ಲಿ ಸಾಮಾನ್ಯವಾಗಿ ಶ್ರೇಣಿ ಮಾತ್ರ ಇರುತ್ತದೆ, ಮೊತ್ತ ಇರುವುದು ವೇತನ ನಿಗದಿ ಆದೇಶದಲ್ಲಿ.

ಹಂತ 3: ಶ್ರೇಣಿಯನ್ನು ಬಿಡಿಸಿ ಬರೆಯಿರಿ

2012ರ ಪರಿಷ್ಕರಣೆಯ ನಂತರ ದ್ವಿತೀಯ ದರ್ಜೆ ಸಹಾಯಕರ ಶ್ರೇಣಿ 11600-200-12000-250-13000-300-14200 ಎಂದು ಮುಂದುವರಿದು 21000ಕ್ಕೆ ನಿಲ್ಲುತ್ತಿತ್ತು. ಇದನ್ನು ಓದುವುದು ಹೀಗೆ: 11600ರಿಂದ 12000ದವರೆಗೆ ಪ್ರತಿ ಬಡ್ತಿ 200 ರೂಪಾಯಿ, ಅಲ್ಲಿಂದ 13000ದವರೆಗೆ 250, ಅಲ್ಲಿಂದ 14200ರವರೆಗೆ 300. ಬಿಡಿಸಿದರೆ 11600, 11800, 12000, 12250, 12500, 12750, 13000 ಹೀಗೆ.

ಬಿಡಿಸಿದ ಈ ಸಾಲೇ ನಿಮ್ಮ ಅಳತೆಗೋಲು. ಆ ಶ್ರೇಣಿಯಲ್ಲಿರುವವರ ಮೂಲ ವೇತನ ಈ ಸಂಖ್ಯೆಗಳಲ್ಲಿ ಒಂದಾಗಿರಬೇಕು, ನಡುವಿನ ಯಾವ ಸಂಖ್ಯೆಯೂ ಆಗುವುದಿಲ್ಲ. ಪತ್ರದಲ್ಲಿ 12200 ಎಂದಿದ್ದರೆ, ಸಹಿ ಯಾರದ್ದೇ ಇರಲಿ, ಅದು ಬೆರಳಚ್ಚಿನ ತಪ್ಪು.

ಹಂತ 4: ಕೊಂಡಿ ಹಾಕಿ ನೋಡಿ

ವೇತನ ಬಡ್ತಿ ಪತ್ರದಲ್ಲಿ ಎರಡು ಮೊತ್ತಗಳಿರುತ್ತವೆ, “ಇಷ್ಟರಿಂದ” ಮತ್ತು “ಇಷ್ಟಕ್ಕೆ”. ಒಂದು ಪತ್ರದ “ಇಷ್ಟಕ್ಕೆ” ಮುಂದಿನ ಪತ್ರದ “ಇಷ್ಟರಿಂದ” ಆಗಿರಬೇಕು. ಸರಪಳಿಯ ಕೊಂಡಿಗಳ ಹಾಗೆ. ಎಲ್ಲಿ ಕೊಂಡಿ ಕೂಡುವುದಿಲ್ಲವೋ ಅಲ್ಲಿ ಒಂದು ಪತ್ರ ಕಾಣೆಯಾಗಿದೆ, ಇಲ್ಲವೇ ಒಂದು ಘಟನೆ ನಡೆದಿದೆ.

ನಮ್ಮ ಪ್ರಕರಣದಲ್ಲಿ 1-1-2019ರ ಪತ್ರ ಸಿಗಲಿಲ್ಲ. 1-1-2018ರ ಕೊನೆಯ ಮೊತ್ತ 22400. 1-1-2020ರ ಪತ್ರದಲ್ಲಿ “22950ರಿಂದ 23550ಕ್ಕೆ” ಎಂದಿತ್ತು. ಅಷ್ಟರಲ್ಲಿ ಶ್ರೇಣಿ ಪರಿಷ್ಕರಣೆಯಾಗಿತ್ತು, ಹೊಸ ಶ್ರೇಣಿಯಲ್ಲಿ 22400ರಿಂದ 24600ರವರೆಗೆ ಬಡ್ತಿ ದರ 550. ಬಿಡಿಸಿದರೆ 22400, 22950, 23500, 24050. ಹಾಗಾದರೆ 23550 ಎಂಬ ಹಂತವೇ ಇಲ್ಲ, ಅದು 23500 ಆಗಬೇಕು. ಕಾಣೆಯಾದ ಪತ್ರದ ಮೊತ್ತ 22950 ಎಂಬುದನ್ನು ಮುಂದಿನ ಪತ್ರವೇ ಹೇಳುತ್ತಿದೆ. ಒಂದೇ ಜಾಗದಲ್ಲಿ ಎರಡು ಸಮಸ್ಯೆ ಇದ್ದರೂ ಅಳತೆಗೋಲು ಮತ್ತು ಕೊಂಡಿ ಎರಡನ್ನೂ ಹಿಡಿದರೆ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತವೆ.

ಆದರೆ ಹೀಗೆ ಊಹಿಸಿ ತುಂಬಿದ ಸಾಲನ್ನು ಪತ್ರ ನೋಡಿ ಬರೆದ ಸಾಲಿನಂತೆಯೇ ಬರೆಯಬೇಡಿ. ಪಕ್ಕದಲ್ಲಿ “ಪತ್ರ ಲಭ್ಯವಿಲ್ಲ, 1-1-2020ರ ಜ್ಞಾಪನದ ಆಧಾರ” ಎಂದು ನಮೂದಿಸಿ. ಮುಂದೆ ಪರಿಶೀಲಿಸುವವರು ಹುಡುಕುವುದು ಆ ನಮೂದನ್ನೇ.

ಕೊಂಡಿ ಕೂಡದಿದ್ದಾಗಲೆಲ್ಲ ಪತ್ರ ಕಳೆದಿದೆ ಎಂದುಕೊಳ್ಳಬೇಡಿ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಅಸಾಧಾರಣ ರಜೆ, ಅಂದರೆ ವೇತನವಿಲ್ಲದ ರಜೆ ಹಾಕಿದ್ದರೆ ಬಡ್ತಿಯ ದಿನವೇ ಮುಂದೆ ಹೋಗಿರುತ್ತದೆ. ಶಿಸ್ತುಕ್ರಮದಲ್ಲಿ ಬಡ್ತಿ ತಡೆಹಿಡಿದಿದ್ದರೆ ಆದೇಶದಲ್ಲಿ “ಸಂಚಿತ ಪರಿಣಾಮ” ಎಂಬ ಪದವನ್ನು ನೋಡಿ. ಸಂಚಿತ ಪರಿಣಾಮವಿಲ್ಲದೆ ತಡೆದಿದ್ದರೆ ಅವಧಿ ಮುಗಿದ ದಿನ ವೇತನ ಮೊದಲಿರಬೇಕಿದ್ದ ಹಂತಕ್ಕೆ ಮರಳುತ್ತದೆ, ಪಟ್ಟಿಯಲ್ಲಿ ಎರಡು ಹಂತ ಒಮ್ಮೆಗೇ ನೆಗೆದಂತೆ ಕಾಣುತ್ತದೆ. ಸಂಚಿತ ಪರಿಣಾಮದೊಂದಿಗೆ ತಡೆದಿದ್ದರೆ ಆ ಹಂತ ಮರಳುವುದಿಲ್ಲ. ಈ ಆದೇಶಗಳು ಬಡ್ತಿ ಪತ್ರಗಳ ನಡುವೆ ಇರುವುದಿಲ್ಲ, ರಜೆ ಮತ್ತು ಶಿಸ್ತುಕ್ರಮದ ಪ್ರತ್ಯೇಕ ಕಡತಗಳಲ್ಲಿರುತ್ತವೆ.

ಹಂತ 5: ವೇತನ ಪರಿಷ್ಕರಣೆಯ ದಿನಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಿ. ನಾನು ನೋಡಿದ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಆಗುತ್ತದೆ.

ಪರಿಷ್ಕರಣೆಗೆ ಎರಡು ದಿನಗಳಿರುತ್ತವೆ. ಒಂದು ಹೊಸ ಶ್ರೇಣಿ ಲೆಕ್ಕಕ್ಕೆ ಬರುವ ದಿನ. ಇನ್ನೊಂದು ಹಣ ಕೈಗೆ ಬರಲು ಆರಂಭವಾಗುವ ದಿನ. ನಡುವಿನ ಅವಧಿಯ ವೇತನವನ್ನು ಕಾಲ್ಪನಿಕ ವೇತನ ಎನ್ನುತ್ತಾರೆ. ಕಾಗದದಲ್ಲಿ ಏರಿರುತ್ತದೆ, ಆದರೆ ವ್ಯತ್ಯಾಸದ ಹಣ ಸಿಗುವುದಿಲ್ಲ. ಆರನೇ ವೇತನ ಆಯೋಗದ ನಂತರದ ಶ್ರೇಣಿಗಳು 1-7-2017ರಿಂದ ಲೆಕ್ಕಕ್ಕೆ ಬಂದವು, ಹಣ 1-4-2018ರಿಂದ ಬಂತು. ಏಳನೇ ಆಯೋಗದ ನಂತರದವು 1-7-2022ರಿಂದ ಲೆಕ್ಕಕ್ಕೆ, 1-8-2024ರಿಂದ ಹಣಕ್ಕೆ.

ಇದರ ಫಲವಾಗಿ ಒಂದೇ ದಿನಕ್ಕೆ ಎರಡು ಬಡ್ತಿ ಪತ್ರಗಳು ಕಡತದಲ್ಲಿ ಸಿಗುತ್ತವೆ. ನಮ್ಮ ಪ್ರಕರಣದಲ್ಲಿ 1-1-2018ರ ಬಡ್ತಿಗೆ ಒಂದು ಪತ್ರ “12250ರಿಂದ 12500ಕ್ಕೆ” ಎನ್ನುತ್ತದೆ. ಅದು ಆಗ ಜಾರಿಯಲ್ಲಿದ್ದ ಹಳೆಯ ಶ್ರೇಣಿಯದು. ಪರಿಷ್ಕರಣೆಯ ನಂತರ ಮಾಡಿದ ವೇತನ ನಿಗದಿ ಹಾಳೆ ಅದೇ ದಿನಕ್ಕೆ “21900ರಿಂದ 22400ಕ್ಕೆ” ಎನ್ನುತ್ತದೆ. ಎರಡೂ ಸರಿಯೇ. ಇವುಗಳಲ್ಲಿ ಒಂದನ್ನು ತಪ್ಪೆಂದು ಹೊಡೆದು ಹಾಕಬೇಡಿ. ಪಟ್ಟಿಯಲ್ಲಿ ಎರಡು ಕಾಲಮ್ ಮಾಡಿ, “ಆಗ ಪಡೆದ ಮೂಲ ವೇತನ” ಮತ್ತು “ನಿಗದಿಯಾದ ಮೂಲ ವೇತನ”. ಮುಂದಿನ ಸರಪಳಿ ಎರಡನೆಯ ಕಾಲಮ್‌ನಲ್ಲಿ ನಡೆಯುತ್ತದೆ. ಹಳೆಯ ವೇತನ ಚೀಟಿಗಳೊಂದಿಗೆ ತಾಳೆ ನೋಡುವುದು ಮೊದಲನೆಯದರಲ್ಲಿ.

21900 ಹೇಗೆ ಬಂತು ಎಂದು ನೀವೇ ಲೆಕ್ಕ ಹಾಕಬಹುದು. 1-7-2017ರಂದು ಅವರ ಹಳೆಯ ಮೂಲ ವೇತನ 12250. ಅದಕ್ಕೆ ಆಗ ವಿಲೀನಗೊಂಡ ತುಟ್ಟಿ ಭತ್ಯೆ ಶೇ 45.25, ಅಂದರೆ 5543. ಶೇ 30ರ ಫಿಟ್‌ಮೆಂಟ್, ಅಂದರೆ ಹೊಸ ಶ್ರೇಣಿಗೆ ಹೊಂದಿಸಲು ಸೇರಿಸುವ ಮೊತ್ತ, 3675. ಒಟ್ಟು 21468. ಹೊಸ ಶ್ರೇಣಿ 21400-42000ರಲ್ಲಿ 21400ರ ನಂತರದ ಹಂತ 21900. ಒಟ್ಟು ಮೊತ್ತ ಎರಡು ಹಂತಗಳ ನಡುವೆ ಬಿದ್ದರೆ ಮೇಲಿನ ಹಂತಕ್ಕೆ ನಿಗದಿಯಾಗುತ್ತದೆ, ಆದ್ದರಿಂದ 21900.

2022ರ ಪರಿಷ್ಕರಣೆಯಲ್ಲಿ ಇದೇ ಕ್ರಮ, ಶೇಕಡಾವಾರು ಮಾತ್ರ ಬೇರೆ. ತುಟ್ಟಿ ಭತ್ಯೆ ಶೇ 31, ಫಿಟ್‌ಮೆಂಟ್ ಶೇ 27.5. ಅಷ್ಟರಲ್ಲಿ ಅವರು ಪ್ರಥಮ ದರ್ಜೆ ಸಹಾಯಕಿ, ಮೂಲ ವೇತನ 28300. ಒಟ್ಟು 44855 ರೂಪಾಯಿ 50 ಪೈಸೆ. ಹೊಸ ಶ್ರೇಣಿ 44425ರಿಂದ ಆರಂಭವಾಗಿ 47800ರವರೆಗೆ 1125ರಂತೆ, ಅಲ್ಲಿಂದ 1250ರಂತೆ ಏರುತ್ತದೆ. 44425ರ ಮುಂದಿನ ಹಂತ 45550. ಅಲ್ಲಿಗೆ ನಿಗದಿಯಾಯಿತು.

ಈ ಅವಧಿಯಲ್ಲಿ ಇನ್ನೊಂದು ಎಚ್ಚರ ಬೇಕು. 1-4-2023ರಿಂದ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಕೊಟ್ಟರು. ವೇತನ ಚೀಟಿಯಲ್ಲಿ ಒಟ್ಟು ಮೊತ್ತ ಏರಿದ್ದನ್ನು ಕಂಡು ಅದನ್ನು ವೇತನ ಬಡ್ತಿಯೆಂದು ಬರೆದುಕೊಂಡವರಿದ್ದಾರೆ. ಅದು ಮೂಲ ವೇತನವಲ್ಲ. ಇತಿಹಾಸದ ಪಟ್ಟಿಗೆ ಮೂಲ ವೇತನದ ಸಾಲು ಮಾತ್ರ ಬರಬೇಕು. ತುಟ್ಟಿ ಭತ್ಯೆ, ಮನೆ ಬಾಡಿಗೆ ಭತ್ಯೆ, ಮಧ್ಯಂತರ ಪರಿಹಾರ ಯಾವುದೂ ಬೇಡ.

ಹಂತ 6: ಮುಂಬಡ್ತಿಯ ನಿಗದಿಯನ್ನು ಪರೀಕ್ಷಿಸಿ

ಮುಂಬಡ್ತಿಯಲ್ಲಿ ವೇತನ ನಿಗದಿ ಮಾಡುವ ಸಾಮಾನ್ಯ ಕ್ರಮ ಇದು: ಕೆಳಗಿನ ಹುದ್ದೆಯ ವೇತನಕ್ಕೆ ಒಂದು ಕಾಲ್ಪನಿಕ ಬಡ್ತಿ ಸೇರಿಸಿ, ಬಂದ ಮೊತ್ತದ ಮೇಲಿನ ಹಂತವನ್ನು ಹೊಸ ಶ್ರೇಣಿಯಲ್ಲಿ ಕೊಡುತ್ತಾರೆ. 1-1-2021ರಂದು ನಮ್ಮ ಸಹಾಯಕಿಯ ವೇತನ 24050. ಒಂದು ಬಡ್ತಿ ಸೇರಿದರೆ 24600. ಪ್ರಥಮ ದರ್ಜೆಯ ಶ್ರೇಣಿ 27650-52650. ಅದರ ಕನಿಷ್ಠವೇ 24600ಕ್ಕಿಂತ ಹೆಚ್ಚು, ಹಾಗಾಗಿ 18-1-2021ರಿಂದ 27650.

ಇವರಿಗೆ ಕನಿಷ್ಠದಲ್ಲೇ ನಿಗದಿಯಾದ್ದರಿಂದ ಲೆಕ್ಕ ಸುಲಭವಾಯಿತು. ಕೆಳಗಿನ ಹುದ್ದೆಯಲ್ಲಿ ಬಹಳ ವರ್ಷ ಇದ್ದವರಿಗೆ ಹಾಗಲ್ಲ. ಮುಂಬಡ್ತಿಯ ದಿನದಿಂದಲೇ ನಿಗದಿ ಬೇಕೋ, ಕೆಳಗಿನ ಹುದ್ದೆಯ ಮುಂದಿನ ಬಡ್ತಿಯ ದಿನದಿಂದ ಬೇಕೋ ಎಂದು ಅವರು ಬರೆದುಕೊಟ್ಟ ಇಚ್ಛಾ ಪತ್ರ ಕಡತದಲ್ಲಿರುತ್ತದೆ. ಮುಂಬಡ್ತಿಯ ನಂತರ ಕೆಲವೇ ತಿಂಗಳಲ್ಲಿ ವೇತನ ಎರಡನೆಯ ಬಾರಿ ನಿಗದಿಯಾಗಿದ್ದರೆ ಕಾರಣ ಆ ಪತ್ರ. ಅದನ್ನು ಹುಡುಕದೆ “ಎರಡು ಸಲ ಕೊಟ್ಟಿದ್ದಾರೆ” ಎಂದು ತೀರ್ಮಾನಿಸಬೇಡಿ.

ಹಂತ 7: ಪಟ್ಟಿ ಬರೆದು ತಾಳೆ ನೋಡಿ

ನಿಗದಿಯಾದ ಮೂಲ ವೇತನದ ಸಾಲು ಕೊನೆಗೆ ಹೀಗೆ ಕಾಣುತ್ತದೆ:

6-1-2014: 11600, ನೇಮಕಾತಿ
1-1-2015: 11800
1-1-2016: 12000
1-1-2017: 12250
1-7-2017: 21900, ಪರಿಷ್ಕರಣೆ (ಹಣ 1-4-2018ರಿಂದ)
1-1-2018: 22400
1-1-2019: 22950, ಪತ್ರ ಲಭ್ಯವಿಲ್ಲ
1-1-2020: 23500, ಪತ್ರದಲ್ಲಿ 23550 ಎಂದಿದೆ
1-1-2021: 24050
18-1-2021: 27650, ಮುಂಬಡ್ತಿ
1-1-2022: 28300
1-7-2022: 45550, ಪರಿಷ್ಕರಣೆ (ಹಣ 1-8-2024ರಿಂದ)
1-1-2023: 46675
1-1-2024: 47800
1-1-2025: 49050

ಈಗ ಮೂರು ಕಡೆ ತಾಳೆ ನೋಡಿ. 2017ರ ಮೇ ತಿಂಗಳ ಎಲ್‌ಪಿಸಿಯಲ್ಲಿ 12250 ಇರಬೇಕು. 2018ರ ಏಪ್ರಿಲ್ ತಿಂಗಳ ವೇತನ ಚೀಟಿಯಲ್ಲಿ 22400, 2024ರ ಆಗಸ್ಟ್ ತಿಂಗಳದ್ದರಲ್ಲಿ 47800 ಇರಬೇಕು. ಈ ಮೂರೂ ಹೊಂದಿದರೆ ನಡುವಿನ ಸಾಲುಗಳು ತಪ್ಪಾಗಿರುವ ಸಾಧ್ಯತೆ ಬಹಳ ಕಡಿಮೆ. ಹೊಂದದಿದ್ದರೆ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕಿಲ್ಲ. ಹೊಂದಿದ ಕೊನೆಯ ದಿನ ಮತ್ತು ಹೊಂದದ ಮೊದಲ ದಿನದ ನಡುವೆ ಮಾತ್ರ ಹುಡುಕಿ.

ಹಂತ 8: ಕಾಣೆಯಾದದ್ದನ್ನು ತರಿಸಿ, ತಪ್ಪಿದ್ದನ್ನು ತಿದ್ದಿಸಿ

ಕಾಣೆಯಾದ ಪತ್ರಕ್ಕೆ ಮೊದಲು ನಿಮ್ಮ ಕಚೇರಿ ಮುಖ್ಯಸ್ಥರ ಮೂಲಕ ಹಳೆಯ ಕಚೇರಿಗೆ ಬರೆಸಿ. “ನನ್ನ ಎಲ್ಲ ಬಡ್ತಿ ಪತ್ರಗಳನ್ನು ಕಳುಹಿಸಿ” ಎಂದು ಕೇಳಿದರೆ ಯಾರೂ ಹುಡುಕುವುದಿಲ್ಲ. “1-1-2019ರ ವಾರ್ಷಿಕ ವೇತನ ಬಡ್ತಿ ಜ್ಞಾಪನದ ಕಚೇರಿ ಪ್ರತಿ ಮತ್ತು 2019ರ ಜನವರಿ ತಿಂಗಳ ವೇತನ ಬಿಲ್ಲಿನಲ್ಲಿ ನನ್ನ ಹೆಸರಿನ ಪುಟ” ಎಂದು ಕೇಳಿ. ಬಡ್ತಿ ವಹಿ, ವೇತನ ಬಿಲ್ಲು, ಎಚ್‌ಆರ್‌ಎಂಎಸ್ ಎಂಬ ವೇತನ ತಂತ್ರಾಂಶ, ಈ ಮೂರರಲ್ಲಿ ಎಲ್ಲಾದರೂ ಅದರ ಗುರುತು ಉಳಿದಿರುತ್ತದೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು.

ತಪ್ಪು ಪತ್ರದ ಮೇಲೆ ನೀವೇ ಪೆನ್ನು ಹಾಕಬೇಡಿ. 23550 ಎಂಬುದನ್ನು ಗೀಚಿ 23500 ಎಂದು ಬರೆದು ಕಿರುಸಹಿ ಹಾಕಿದ ಪತ್ರಗಳನ್ನು ನೋಡಿದ್ದೇನೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದರೂ ಅದು ದಾಖಲೆ ತಿದ್ದಿದಂತೆ. ಪತ್ರ ಹೊರಡಿಸಿದ ಪ್ರಾಧಿಕಾರದಿಂದ ಒಂದು ತಿದ್ದುಪಡಿ ಜ್ಞಾಪನ ಪಡೆದು ಮೂಲ ಪತ್ರದ ಜೊತೆಗಿಡಿ. ಐವತ್ತು ರೂಪಾಯಿಯ ತಪ್ಪು ಸಣ್ಣದೆಂದು ಬಿಡಲೂ ಬೇಡಿ. ಆ ಮೊತ್ತದಂತೆ ಬಿಲ್ಲು ಆಗಿದ್ದರೆ ಮುಂದಿನ ನಿಗದಿಗಳಿಗೂ ಅದು ಹರಿದಿರುತ್ತದೆ. ಹೆಚ್ಚುವರಿ ಪಾವತಿ ಎಂದು ಪಿಂಚಣಿಯ ಸಮಯದಲ್ಲಿ ವಸೂಲಿಯ ಪ್ರಶ್ನೆ ಏಳುತ್ತದೆ.

ಪಟ್ಟಿ ಮುಗಿದ ಮೇಲೆ ಸೇವಾ ಪುಸ್ತಕದೊಂದಿಗೆ ಸಾಲು ಸಾಲಾಗಿ ಹೋಲಿಸಿ. ಸೇವಾ ಪುಸ್ತಕದಲ್ಲಿ ನಮೂದಾಗಿರದ ಬಡ್ತಿಗಳ ಪಟ್ಟಿಯನ್ನು ಪುಟ ಸಂಖ್ಯೆ ಸಮೇತ ಮನವಿಯಾಗಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ. ನಮ್ಮ ಸಹಾಯಕಿಯ ಪ್ರಕರಣದಲ್ಲಿ 2019ರ ಜ್ಞಾಪನ ಕೊನೆಗೂ ಸಿಗಲಿಲ್ಲ. ಆದರೆ ಆ ಜನವರಿಯ ವೇತನ ಬಿಲ್ಲಿನ ಪುಟದಲ್ಲಿ ಅವರ ಹೆಸರಿನ ಮುಂದೆ 22950 ಎಂದಿತ್ತು. ಆ ಪುಟದ ದೃಢೀಕೃತ ಪ್ರತಿಯ ಆಧಾರದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿ, ಕಚೇರಿ ಮುಖ್ಯಸ್ಥರು ಸಹಿ ಹಾಕಿದರು.